ಗೃಹಿಣಿಯ ಆದಾಯ 12 ಲಕ್ಷ ದಾಟದಿದ್ದರೆ ರಿಟರ್ನ್ಸ್ ಸಲ್ಲಿಸಬೇಕಿಲ್ಲವೇ? ನಿಜ ಏನು?

“ಮನೆಯಲ್ಲೇ ವ್ಯಾಪಾರ ಮಾಡುವ ಗೃಹಿಣಿಯರಿಗೆ 12 ಲಕ್ಷ ರೂಪಾಯಿವರೆಗೆ ತೆರಿಗೆ ಇಲ್ಲ, ರಿಟರ್ನ್ಸ್ ಕೂಡ ಬೇಡ” ಎಂಬ ಸಂದೇಶ ನಿಮಗೂ ಬಂದಿರಬಹುದು. ಇದರಲ್ಲಿ ಅರ್ಧ ಮಾತ್ರ ನಿಜ. ತೆರಿಗೆ ಕಟ್ಟುವುದು ಬೇರೆ, ರಿಟರ್ನ್ಸ್ ಸಲ್ಲಿಸುವುದು ಬೇರೆ.

ಒಂದು ಉದಾಹರಣೆ ನೋಡೋಣ. ಒಬ್ಬ ಗೃಹಿಣಿ ಮನೆಯಲ್ಲಿ ಚಕ್ಕುಲಿ, ಹೋಳಿಗೆ ಮಾಡಿ ಮಾರುತ್ತಾರೆ. 2025-26ರಲ್ಲಿ ಒಟ್ಟು ಮಾರಾಟ 9 ಲಕ್ಷ ರೂ. ಹಿಟ್ಟು, ಎಣ್ಣೆ, ಗ್ಯಾಸ್, ಪ್ಯಾಕಿಂಗ್, ಸಾಗಣೆಗೆ ಆದ ಖರ್ಚು 4.2 ಲಕ್ಷ ರೂ. ಕಾನೂನಿನ ಪ್ರಕಾರ ಅವರ ಆದಾಯ ಎಂದರೆ 9 ಲಕ್ಷ ಅಲ್ಲ, ಖರ್ಚು ಕಳೆದು ಉಳಿದ 4.8 ಲಕ್ಷ.

ಹೊಸ ತೆರಿಗೆ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. ಉಳಿದ 80 ಸಾವಿರಕ್ಕೆ ಶೇ. 5ರಂತೆ 4 ಸಾವಿರ ರೂ. ತೆರಿಗೆ ಬರುತ್ತದೆ. ಆದಾಯ 12 ಲಕ್ಷ ದಾಟದವರಿಗೆ ಸರ್ಕಾರ ಈ ಮೊತ್ತವನ್ನು ರಿಯಾಯಿತಿಯಾಗಿ ಬಿಡುತ್ತದೆ. ಹಾಗಾಗಿ ಕಟ್ಟಬೇಕಾದ ತೆರಿಗೆ ಸೊನ್ನೆ.

ಆದರೆ ರಿಟರ್ನ್ಸ್ ಸಲ್ಲಿಸಬೇಕೇ ಎಂಬುದನ್ನು ತೀರ್ಮಾನಿಸುವುದು 12 ಲಕ್ಷದ ಮಿತಿಯಲ್ಲ, 4 ಲಕ್ಷದ ಮಿತಿ. ಇವರ ಆದಾಯ ಅದನ್ನು ದಾಟಿರುವುದರಿಂದ ರಿಟರ್ನ್ಸ್ ಕಡ್ಡಾಯ. ಗಡುವು ಮುಗಿದ ಮೇಲೆ ಸಲ್ಲಿಸಿದರೆ, ತೆರಿಗೆ ಸೊನ್ನೆಯಾದರೂ 1,000 ರೂ. ತಡ ಶುಲ್ಕ ಬೀಳುತ್ತದೆ. ಆದಾಯ 5 ಲಕ್ಷ ದಾಟಿದ್ದರೆ ಅದು 5,000 ರೂ. ಬ್ಯಾಂಕ್ ಠೇವಣಿ ಬಡ್ಡಿ, ಬಾಡಿಗೆ ಬರುತ್ತಿದ್ದರೆ ಅದನ್ನೂ ಲಾಭಕ್ಕೆ ಸೇರಿಸಿಯೇ 4 ಲಕ್ಷ ದಾಟಿತೇ ಎಂದು ನೋಡಬೇಕು.

ಯಾವ ಫಾರ್ಮ್? ಸಂಬಳದಾರರು ಬಳಸುವ ITR-1 ಇಲ್ಲಿ ನಡೆಯದು, ಏಕೆಂದರೆ ಅದರಲ್ಲಿ ವ್ಯಾಪಾರದ ಆದಾಯ ತೋರಿಸಲು ಜಾಗವೇ ಇಲ್ಲ. ಇಂತಹ ಸಣ್ಣ ವ್ಯಾಪಾರಕ್ಕೆ ಸಾಮಾನ್ಯವಾಗಿ ITR-4 ಸರಿಹೊಂದುತ್ತದೆ. ಸಲ್ಲಿಸಿದ 30 ದಿನದೊಳಗೆ ಆಧಾರ್ ಒಟಿಪಿ ಮೂಲಕ ಇ-ವೆರಿಫೈ ಮಾಡುವುದನ್ನು ಮರೆಯಬೇಡಿ. ಅದು ಆಗದಿದ್ದರೆ ನೀವು ಸಲ್ಲಿಸಿದ್ದು ಲೆಕ್ಕಕ್ಕೆ ಬರುವುದಿಲ್ಲ.

“ಗಂಡ ರಿಟರ್ನ್ಸ್ ಹಾಕುತ್ತಾರಲ್ಲ, ಸಾಕು” ಎನ್ನುವವರೂ ಇದ್ದಾರೆ. ಅದು ತಪ್ಪು. ಹೆಂಡತಿ ದುಡಿದ ಲಾಭ ಆಕೆಯ ಪ್ಯಾನ್‌ನಲ್ಲೇ ತೋರಿಸಬೇಕು. ಒಂದು ವಿನಾಯಿತಿ ಇದೆ: ವ್ಯಾಪಾರಕ್ಕೆ ಬಂಡವಾಳವಾಗಿ ಗಂಡ ಹಣವನ್ನು ಉಡುಗೊರೆ ಕೊಟ್ಟಿದ್ದರೆ, ಅದರ ಪಾಲಿಗೆ ತಕ್ಕಷ್ಟು ಲಾಭ ಗಂಡನ ಆದಾಯಕ್ಕೆ ಸೇರುತ್ತದೆ. ಅದನ್ನು ನಿಜವಾದ ಸಾಲವಾಗಿ ಪಡೆದಿದ್ದರೆ ಹೀಗೆ ಸೇರುವುದಿಲ್ಲ.

ಒಟ್ಟಿನಲ್ಲಿ, 12 ಲಕ್ಷದವರೆಗೆ ತೆರಿಗೆ ಬಾರದು ಎಂಬುದು ನಿಜ. ರಿಟರ್ನ್ಸ್ ಬೇಡ ಎಂಬುದು ಸುಳ್ಳು.