ನಡುನರ ಬಿಡಿ, ಪಕ್ಕದ ನರ ನೋಡಿ

ಏಕದಳ ಸಸ್ಯದ ಎಲೆಯಲ್ಲಿ ನರಗಳು ಸಾಲಾಗಿ ಸಾಗುತ್ತವೆ, ದ್ವಿದಳದ ಎಲೆಯಲ್ಲಿ ಬಲೆಯಾಗಿ ಹೆಣೆದುಕೊಳ್ಳುತ್ತವೆ. ಶಾಲೆಯಲ್ಲಿ ಕಲಿತ ಈ ಪಾಠವನ್ನು ಹಿತ್ತಲಿನ ಬಾಳೆಗೆ ಹಚ್ಚಲು ಹೋದರೆ ಹಲವರು ತಡವರಿಸುತ್ತಾರೆ. ಬಾಳೆಯೆಲೆಯ ನಡುವೆ ದಪ್ಪನೆಯ ದಿಂಡು ಇದೆಯಲ್ಲ, ಅದೇ ಕಾರಣ. ನಡುನರ ಎರಡೂ ಗುಂಪಿನ ಗಿಡಗಳಲ್ಲಿ ಇರಬಹುದು. ನೋಡಬೇಕಾದದ್ದು ಅದರಿಂದ ಹೊರಡುವ ನರಗಳನ್ನು.

ಬಾಳೆಯಲ್ಲಿ ಅವು ನಡುದಿಂಡಿನಿಂದ ಹೊರಟು, ಕವಲೊಡೆಯದೆ, ಅಕ್ಕಪಕ್ಕದಲ್ಲೇ ಸಾಗಿ ಅಂಚು ಮುಟ್ಟುತ್ತವೆ. ಬಿರುಗಾಳಿಗೆ ಸಿಕ್ಕ ಬಾಳೆಯೆಲೆ ಪಟ್ಟಿ ಪಟ್ಟಿಯಾಗಿ ಸೀಳುವುದು ಈ ನರಗಳಗುಂಟವೇ. ಹಾಗೆ ಸೀಳಿದ ಎಲೆಯ ಫೋಟೊ ಒಂದಿದ್ದರೆ ಪಾಠಕ್ಕೆ ಬೇರೆ ಚಿತ್ರ ಬೇಡ. ಜೋಳ, ಗರಿಕೆಗಳಲ್ಲಿ ನರಗಳು ಬುಡದಿಂದ ತುದಿಯವರೆಗೆ ಉದ್ದಕ್ಕೆ ಹೋಗುತ್ತವೆ.

ಈಗ ದಾಸವಾಳದ ಎಲೆಯನ್ನು ಹರಿದು ನೋಡಿ. ಸೀಳು ನೇರ ಹೋಗದೆ ಅಂಕುಡೊಂಕಾಗುತ್ತದೆ. ಎಲೆಯನ್ನು ತಿರುವಿ ಬೆಳಿಗ್ಗೆಯ ಬಿಸಿಲಿಗೆ ಹಿಡಿಯಿರಿ, ಬೆನ್ನಿನ ಕಡೆ ನರಗಳು ಉಬ್ಬಿರುತ್ತವೆ. ತೊಟ್ಟಿನ ಬಳಿಯಿಂದಲೇ ಕೆಲವು ದಪ್ಪ ನರಗಳು ಹೊರಟು, ಕವಲಾಗಿ, ಕವಲಿಗೆ ಮತ್ತೆ ಕವಲೊಡೆದು, ಕೊನೆಗೆ ಸಣ್ಣ ಸಣ್ಣ ಕಣ್ಣುಗಳ ಬಲೆಯಾಗುತ್ತವೆ. ಮೊಬೈಲಿನಲ್ಲಿ ಚಿತ್ರ ತೆಗೆಯುವಾಗ ಬೆಳಕು ಎಲೆಯ ಹಿಂದಿನಿಂದ ಬರಲಿ, ಪರದೆಯ ಮೇಲೆ ನರವಿರುವ ಕಡೆ ಬೆರಳಿಟ್ಟು ಫೋಕಸ್ ಮಾಡಿ. ಮುಂದಿನಿಂದ ಬಿಸಿಲು ಬಿದ್ದರೆ ಎಲೆಯ ಹೊಳಪಷ್ಟೇ ಕಾಣುತ್ತದೆ, ಬಲೆ ಮರೆಯಾಗುತ್ತದೆ.

ಈ ವ್ಯತ್ಯಾಸಕ್ಕೂ ಎಲೆ ಬೆಳೆಯುವ ಬಗೆಗೂ ಸಂಬಂಧವಿದೆ. ಹುಲ್ಲಿನ ಎಲೆ ಬುಡದಲ್ಲಿ ಬೆಳೆಯುತ್ತಾ ಹಳೆಯ ಭಾಗವನ್ನು ಮೇಲಕ್ಕೆ ತಳ್ಳುತ್ತದೆ, ಹಾಗಾಗಿ ನರಗಳೂ ಉದ್ದಕ್ಕೇ ಸಾಗುತ್ತವೆ. ತುದಿ ಕತ್ತರಿಸಿದ ಗರಿಕೆ ಮತ್ತೆ ಉದ್ದವಾಗುವುದೂ ಇದರಿಂದಲೇ. ದಾಸವಾಳದ ಎಲೆ ಉದ್ದಕ್ಕೂ ಅಗಲಕ್ಕೂ ಹರಡಿಕೊಳ್ಳುತ್ತದೆ. ಹಿಗ್ಗುವ ಆ ಜಾಗಕ್ಕೆಲ್ಲ ನೀರು ತಲುಪಿಸಲು ಹೊಸ ಕವಲುಗಳು ಮೂಡುತ್ತಾ ಹೋಗುತ್ತವೆ.

ಹಿತ್ತಲಿನಲ್ಲಿ ಈ ನಿಯಮಕ್ಕೆ ಒಗ್ಗದ ಗಿಡವೊಂದಿದೆ, ಕೆಸು. ಪತ್ರೊಡೆಗೆ ಬಳಸುವ ಅದರ ಅಗಲವಾದ ಎಲೆಯಲ್ಲಿ ದಪ್ಪ ನರಗಳ ನಡುವೆ ಸಣ್ಣ ನರಗಳ ಬಲೆ ಸ್ಪಷ್ಟವಾಗಿ ಕಾಣುತ್ತದೆ. ಎಲೆಯನ್ನಷ್ಟೇ ನಂಬಿದರೆ ಅದನ್ನು ದ್ವಿದಳ ಎನ್ನಬೇಕಾಗುತ್ತದೆ, ಆದರೆ ಅದು ಏಕದಳ. ಅಗಲ ಎಲೆಯ ಗೆಣಸಿನ ಬಳ್ಳಿಗಳಲ್ಲೂ, ಅಂದರೆ ತೂಣಗೆಣಸಿನ ಜಾತಿಯವುಗಳಲ್ಲೂ, ಹೀಗೇ ಬಲೆ ಇರುತ್ತದೆ.

ಅನುಮಾನ ಬಂದಾಗ ಇನ್ನೊಂದು ಗುರುತು ಹುಡುಕಬೇಕು. ಕೆಸುವಿನ ಗೆಡ್ಡೆಯ ಸುತ್ತಲಿನ ಮಣ್ಣು ಕೆದಕಿದರೆ ಒಂದೇ ತಾಯಿಬೇರು ಸಿಗುವುದಿಲ್ಲ, ಒಂದೇ ದಪ್ಪದ ಬೇರುಗಳ ಗೊಂಚಲು ಸಿಗುತ್ತದೆ. ಬೀಜದಿಂದ ಬೆಳೆಯುವ ಗಿಡವಾದರೆ ಮೊಳಕೆಯನ್ನೇ ನೋಡಬಹುದು: ಅವರೆಕಾಳು ಮೊಳೆತಾಗ ಎರಡು ಬೇಳೆ, ಜೋಳ ಮೊಳೆತಾಗ ಒಂದೇ ಚೂಪು ಚಿಗುರು. ಹೂವಿದ್ದರೆ ದಳ ಎಣಿಸಿ. ಮೂರು ಅಥವಾ ಆರು ದಳ ಸಾಮಾನ್ಯವಾಗಿ ಏಕದಳದ ಗುರುತು, ದಾಸವಾಳದಂತೆ ಐದಿದ್ದರೆ ದ್ವಿದಳದ್ದು. ಸುತ್ತುದಳದ ದಾಸವಾಳ ಈ ಲೆಕ್ಕಕ್ಕೆ ಬರುವುದಿಲ್ಲ, ಒಂದೇ ಸುತ್ತಿನದನ್ನು ಆರಿಸಿಕೊಳ್ಳಿ.