ವಾಚಿನ ಬೆಲೆ, ಬಿಲ್ಲಿನ ಬೆಲೆ

ಹುಣಸೂರಿನಲ್ಲಿರುವ ನನ್ನ ತಂಗಿಯ ಮಗಳ ಮದುವೆ ಎರಡು ವರ್ಷಗಳ ಹಿಂದೆ ನಡೆಯಿತು. ಹೊಗೆಸೊಪ್ಪಿನ ಹರಾಜಿನ ಹಣ ಕೈಸೇರಿದ ಬಳಿಕ ಮದುವೆಗಳು ಸಾಲುಗಟ್ಟುವುದು ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ ಸೀಮೆಯ ರೂಢಿ. ವರೋಪಚಾರದ ತಟ್ಟೆಯಲ್ಲಿ ಉಂಗುರದೊಡನೆ ಕೈಗಡಿಯಾರವೂ ಇರಬೇಕು. ನಮ್ಮ ಕಾಲದಲ್ಲಿ ಅದು ಎಚ್ಎಂಟಿ ಆಗಿತ್ತು, ಅನಂತರ ಟೈಟನ್ ಬಂತು. ಈಗಿನ ವರಮಹಾಶಯರ ಕಣ್ಣು ಸ್ವಿಸ್ ವಾಚುಗಳ ಮೇಲಿದೆ.

ತಂಗಿಯ ಗಂಡ ಮೈಸೂರಿನ ಅಧಿಕೃತ ಮಳಿಗೆಯಲ್ಲಿ ವಿಚಾರಿಸಿದಾಗ, ಮೆಚ್ಚಿದ ಸ್ವಯಂಚಾಲಿತ ವಾಚಿನ ಮುದ್ರಿತ ಬೆಲೆ 52,000 ರೂಪಾಯಿ. ಶೇ 10ರ ರಿಯಾಯಿತಿ ಕಳೆದು 46,800. ಅದೇ ಮಾದರಿಯನ್ನು ಬೆಂಗಳೂರಿನ ಒಬ್ಬ ವ್ಯಾಪಾರಿ 38,000ಕ್ಕೆ ಕೊಡಲು ಸಿದ್ಧನಿದ್ದ. ‘ಭಾವ, ಅದೇ ವಾಚು, ಅದೇ ಡಬ್ಬ. ಎಂಟು ಸಾವಿರದ ಎಂಟುನೂರು ಸುಮ್ಮನೆ ಯಾಕೆ ಕಳೆದುಕೊಳ್ಳಬೇಕು?’ ಎಂದು ಅವರು ನನ್ನನ್ನು ಕೇಳಿದರು. ಅರ್ಥಶಾಸ್ತ್ರ ಓದಿದವನಾದ ನಾನು ಉತ್ತರಿಸಲು ತಡವರಿಸಿದೆ. ಅಷ್ಟರಲ್ಲಿ ವಾಚು ಮನೆಗೆ ಬಂದಿತ್ತು.

ವಾಚು ನಕಲಿಯಾಗಿರಲಿಲ್ಲ. ಇಂತಹ ವ್ಯಾಪಾರವನ್ನು ‘ಗ್ರೇ ಮಾರ್ಕೆಟ್’ ಎನ್ನುತ್ತಾರೆ. ಕಂಪೆನಿಯೇ ತಯಾರಿಸಿದ ಅಸಲಿ ಸರಕು, ಆದರೆ ಕಂಪೆನಿ ಗೊತ್ತುಮಾಡಿದ ದಾರಿಯನ್ನು ಬಿಟ್ಟು ಬೇರೆ ದಾರಿಯಲ್ಲಿ ಗಿರಾಕಿಯನ್ನು ಮುಟ್ಟುತ್ತದೆ. ಹೊಗೆಸೊಪ್ಪಿನ ಸೀಮೆಯವರಿಗೆ ಇದು ಸುಲಭವಾಗಿ ಅರ್ಥವಾದೀತು. ತಂಬಾಕು ಮಂಡಳಿಯಲ್ಲಿ ನೋಂದಾಯಿಸಿದವನು ಬೆಳೆದ ಎಲೆಗೂ ನೋಂದಣಿಯಿಲ್ಲದವನು ಬೆಳೆದ ಎಲೆಗೂ ಎಲೆಯಲ್ಲಿ ಭೇದವಿಲ್ಲ. ಭೇದವಿರುವುದು ಕಾಗದದಲ್ಲಿ.

ಏಳನೆಯ ತಿಂಗಳಲ್ಲಿ ವಾಚಿನ ಗಾಜಿನೊಳಗೆ ಹಬೆ ಕಟ್ಟಿತು, ಕೆಲವೇ ದಿನಗಳಲ್ಲಿ ಮುಳ್ಳು ನಿಂತಿತು. ಕಂಪೆನಿಯ ಸೇವಾ ಕೇಂದ್ರದವರು ವಾರಂಟಿ ಕಾರ್ಡನ್ನು ಕೇಳಿದರು. ಕಾರ್ಡು ಇತ್ತು, ಆದರೆ ಅದರಲ್ಲಿ ಮಾರಾಟದ ದಿನಾಂಕವೂ ಇರಲಿಲ್ಲ, ಅಧಿಕೃತ ಮಾರಾಟಗಾರನ ಮೊಹರೂ ಇರಲಿಲ್ಲ. ಇವೆರಡು ಇಲ್ಲದ ಕಾರ್ಡು ಖಾಲಿ ಹಾಳೆಗೆ ಸಮಾನ. ಪೂರ್ತಿ ಬಿಚ್ಚಿ, ಶುಚಿಮಾಡಿ, ನೀರು ತಡೆಯುವ ರಬ್ಬರ್ ಉಂಗುರಗಳನ್ನು ಬದಲಿಸಲು 11,000 ರೂಪಾಯಿ ಆಗುತ್ತದೆಂದು ಅಂದಾಜು ಕೊಟ್ಟರು. ಉಳಿಸಿದ ಹಣಕ್ಕಿಂತ ಅದು ಹೆಚ್ಚು.

ಇಷ್ಟಕ್ಕೇ ಅಧಿಕೃತ ಮಳಿಗೆಯೇ ಲೇಸೆಂದು ತೀರ್ಪು ಕೊಟ್ಟರೆ ಅದು ಅವಸರವಾದೀತು. ಲೆಕ್ಕವನ್ನು ಸರಿಯಾಗಿ ನೋಡೋಣ. ಬೆಲೆಯ ಅಂತರ 8,800, ದುರಸ್ತಿಯ ವೆಚ್ಚ 11,000. ವಾರಂಟಿಗೆಂದೇ ಈ ಅಂತರವನ್ನು ತೆರುವುದಾದರೆ, ಆ ಅವಧಿಯಲ್ಲಿ ಐದರಲ್ಲಿ ನಾಲ್ಕು ವಾಚುಗಳು ಕೆಡಬೇಕು. ಆಗ ಮಾತ್ರ ಲೆಕ್ಕ ಸರಿದೂಗುತ್ತದೆ. ಯಾವ ಒಳ್ಳೆಯ ವಾಚೂ ಹಾಗೆ ಕೆಡುವುದಿಲ್ಲ. ಮೇಲಾಗಿ ವಾರಂಟಿ ಸಾಮಾನ್ಯವಾಗಿ ತಯಾರಿಕೆಯ ದೋಷಕ್ಕೆ ಮಾತ್ರ ಅನ್ವಯಿಸುತ್ತದೆ. ಒಡೆದ ಗಾಜು, ಸವೆದ ಪಟ್ಟಿ, ಕೀ ಕೊಡುವ ತಿರುಪನ್ನು ಒತ್ತದೆ ಬಿಟ್ಟಾಗ ಒಳನುಗ್ಗಿದ ನೀರು ಇವು ಅದರ ವ್ಯಾಪ್ತಿಗೆ ಬರುವುದಿಲ್ಲ. ಆದ್ದರಿಂದ ವಾರಂಟಿಯೊಂದೇ ಪ್ರಶ್ನೆಯಾಗಿದ್ದರೆ ನನ್ನ ಭಾವಮೈದುನರ ವಾದದಲ್ಲಿ ತಪ್ಪಿರಲಿಲ್ಲ.

ಪ್ರಶ್ನೆ ಇರುವುದು ಆ 8,800 ರೂಪಾಯಿ ಎಲ್ಲಿಂದ ಉಳಿಯಿತು ಎಂಬುದರಲ್ಲಿ. ಅದಕ್ಕೆ ಎರಡು ಮೂಲಗಳಿರಬಹುದು. ಮೊದಲನೆಯದು ನ್ಯಾಯವಾದದ್ದು. ವಿದೇಶದ ಮಾರಾಟಗಾರನ ಬಳಿ ಉಳಿದ ದಾಸ್ತಾನನ್ನು ಅಗ್ಗಕ್ಕೆ ಕೊಂಡು, ಸುಂಕ ಕಟ್ಟಿ ತಂದು, ಕಡಿಮೆ ಲಾಭಕ್ಕೆ ಮಾರುವುದು. ಎರಡನೆಯದು ಸುಂಕವನ್ನೇ ಕಟ್ಟದಿರುವುದು. ಕೈಗಡಿಯಾರದ ಆಮದು ಸುಂಕವನ್ನು 2018ರ ಬಜೆಟ್ಟಿನಲ್ಲಿ ಶೇ 10ರಿಂದ 20ಕ್ಕೆ ಏರಿಸಲಾಯಿತು. ಆ ದರದಲ್ಲಿ 100 ರೂಪಾಯಿಯ ವಾಚು ಸುಂಕ ಮತ್ತು ಅದರ ಮೇಲಿನ ಸರ್ಚಾರ್ಜ್ ಸೇರಿ 122 ಆಗುತ್ತದೆ. ಅದರ ಮೇಲೆ ಶೇ 18ರ ಜಿಎಸ್‌ಟಿ ಸೇರಿದರೆ ಸುಮಾರು 144. ಪ್ರಯಾಣಿಕನ ಜೇಬಿನಲ್ಲಿ ಕದ್ದು ಬಂದ ವಾಚು 100ರಲ್ಲಿಯೇ ನಿಲ್ಲುತ್ತದೆ. ಸ್ವಿಸ್ ವಾಚುಗಳ ಮಟ್ಟಿಗೆ ಈ ಸುಂಕ, 2025ರ ಅಕ್ಟೋಬರ್ 1ರಂದು ಜಾರಿಗೆ ಬಂದ ಇಎಫ್‌ಟಿಎ ವ್ಯಾಪಾರ ಒಪ್ಪಂದದ ಮೇರೆಗೆ ಹಂತಹಂತವಾಗಿ ಇಳಿಯಲಿದೆ. ಆಗ ಕದ್ದು ತರುವವನ ಲಾಭವೂ ಕರಗುತ್ತದೆ.

ಈ ಎರಡು ಮೂಲಗಳನ್ನು ಕಾನೂನು ಬೇರೆ ಬೇರೆಯಾಗಿಯೇ ಕಾಣುತ್ತದೆ. ಸ್ಯಾಮ್‌ಸಂಗ್ ಕಂಪೆನಿ ಹೂಡಿದ್ದ ದಾವೆಯಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 2012ರ ಅಕ್ಟೋಬರಿನಲ್ಲಿ, ಅಸಲಿ ಸರಕನ್ನು ಸಮಾನಾಂತರವಾಗಿ ಆಮದು ಮಾಡಿ ಮಾರುವುದನ್ನು ಟ್ರೇಡ್ ಮಾರ್ಕ್ ಕಾಯ್ದೆ ನಿಷೇಧಿಸುವುದಿಲ್ಲ ಎಂದು ಹೇಳಿತು. ಅಲ್ಲಿನ ಸರಕು ಪ್ರಿಂಟರುಗಳು, ಆದರೆ ತತ್ತ್ವ ವಾಚಿಗೂ ಸಲ್ಲುತ್ತದೆ. ಪೀಠ ಒಂದು ಷರತ್ತನ್ನೂ ವಿಧಿಸಿತು. ಇದು ಆಮದಾದ ಸರಕು, ಇದಕ್ಕೆ ಕಂಪೆನಿಯ ವಾರಂಟಿಯಾಗಲಿ ಸೇವೆಯಾಗಲಿ ಇಲ್ಲ, ಅವನ್ನು ತಾವೇ ಕೊಡುತ್ತೇವೆ ಎಂದು ಆ ಮಾರಾಟಗಾರರು ಅಂಗಡಿಯಲ್ಲಿ ಎದ್ದುಕಾಣುವಂತೆ ಪ್ರಕಟಿಸಬೇಕು.

ಸುಂಕ ತಪ್ಪಿಸಿದ ಸರಕಿನ ವಿಷಯದಲ್ಲಿ ಕಾನೂನು ಕಠೋರ. ಕಸ್ಟಮ್ಸ್ ಕಾಯ್ದೆ 1962ರ 123ನೆಯ ವಿಧಿ ಚಿನ್ನದ ಜೊತೆಗೆ ವಾಚನ್ನೂ ಹೆಸರಿಸಿ ಹೇಳುತ್ತದೆ. ಕಳ್ಳಸಾಗಣೆಯದೆಂಬ ಸಕಾರಣ ನಂಬಿಕೆಯಿಂದ ಅಧಿಕಾರಿ ಅದನ್ನು ವಶಪಡಿಸಿಕೊಂಡರೆ, ಹಾಗಲ್ಲ ಎಂದು ರುಜುವಾತುಪಡಿಸುವ ಹೊಣೆ ಅದನ್ನು ಇಟ್ಟುಕೊಂಡವನದು. ಮದುವೆ ಮನೆಗೆ ಬಂದು ವರನ ಮಣಿಕಟ್ಟನ್ನು ಯಾರೂ ಪರೀಕ್ಷಿಸುವುದಿಲ್ಲ, ನಿಜ. ಆದರೆ ವಿದೇಶದಿಂದ ಮರಳುವಾಗ ವಿಮಾನ ನಿಲ್ದಾಣದಲ್ಲಿ ಪ್ರಶ್ನೆ ಬಂದರೆ ತೋರಿಸಲು ಒಂದು ಕಾಗದ ಬೇಕು.

ನಮ್ಮ ಮನೆಯವರ ಬಳಿ ಇದ್ದ ಕಾಗದವಾದರೂ ಯಾವುದು? ‘ವಾಚು 1, ರೂ. 38,000’ ಎಂದು ಬರೆದ ಅಂದಾಜು ಚೀಟಿ. ಜಿಎಸ್‌ಟಿ ನೋಂದಣಿ ಸಂಖ್ಯೆ ಇಲ್ಲ, ವಾಚಿನ ಕ್ರಮಸಂಖ್ಯೆ ಇಲ್ಲ, ಅಂಗಡಿಯ ವಿಳಾಸವೂ ಅರ್ಧಂಬರ್ಧ. ಡಬ್ಬದ ಮೇಲೆ ಆಮದುದಾರನ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆಯ ಚೀಟಿ ಅಂಟಿಸಿರಲಿಲ್ಲ. ಒಂದು ವರ್ಷದ ವಾರಂಟಿ ತನ್ನದೆಂದು ವ್ಯಾಪಾರಿ ಬಾಯಲ್ಲಿ ಹೇಳಿದ್ದ. ವಾಚು ಕೆಟ್ಟಾಗ ಅವನು ಮಾತು ತಪ್ಪಲಿಲ್ಲ, ತನ್ನ ರಿಪೇರಿಯವನ ಬಳಿಗೆ ಕಳುಹಿಸಿದ. ಮೂರು ವಾರಗಳ ಬಳಿಕ ಮುಳ್ಳು ನಡೆಯತೊಡಗಿತು, ಮಳೆಗಾಲ ಬಂದೊಡನೆ ಹಬೆ ಮತ್ತೆ ಕಟ್ಟಿತು. ಎರಡನೆಯ ಸಲ ಅವನು ಫೋನ್ ಎತ್ತಲಿಲ್ಲ.

ಸರಿಯಾದ ಬಿಲ್ಲಿದ್ದಿದ್ದರೆ ಹುಣಸೂರಿನವರು ಬೆಂಗಳೂರಿಗೆ ಅಲೆಯಬೇಕಾಗಿರಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಖರೀದಿದಾರ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ, ಅಂದರೆ ಮೈಸೂರಿನಲ್ಲಿಯೇ, ಎರಡು ವರ್ಷಗಳೊಳಗೆ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಆದರೆ ಅಂದಾಜು ಚೀಟಿಯನ್ನು ಹಿಡಿದು, ಯಾರಿಂದ ಯಾವ ವಾಚನ್ನು ಕೊಂಡೆವೆಂದು ಸಾಧಿಸುವುದು ಬಹಳ ಕಷ್ಟ.

ಅಧಿಕೃತ ಮಳಿಗೆಯಲ್ಲಿ ಕೊಳ್ಳುವವರೂ ಕಾರ್ಡಿಗೆ ದಿನಾಂಕ, ಮೊಹರು ಬಿದ್ದಿದೆಯೇ, ಅದರಲ್ಲಿನ ಕ್ರಮಸಂಖ್ಯೆಗೂ ವಾಚಿನ ಬೆನ್ನಿನ ಮೇಲಿನದಕ್ಕೂ ತಾಳೆಯಾಗುತ್ತದೆಯೇ ಎಂದು ಕೌಂಟರಿನಲ್ಲಿಯೇ ನೋಡಬೇಕು. ಹೊರಗಿನ ವ್ಯಾಪಾರಿಯಲ್ಲಿ ಕೊಳ್ಳುವವರು ಕ್ರಮಸಂಖ್ಯೆ ನಮೂದಿಸಿದ ಜಿಎಸ್‌ಟಿ ಬಿಲ್ಲನ್ನೂ ಆತನ ವಾರಂಟಿಯನ್ನು ಬರವಣಿಗೆಯಲ್ಲಿಯೂ ಕೇಳಬೇಕು. ವಾಚಿನ ಬೆನ್ನಿನ ಸಂಖ್ಯೆಯನ್ನು ಕೆರೆದು ಅಳಿಸಿದ್ದರೆ ಅಲ್ಲಿಂದ ಎದ್ದು ಬರುವುದು ಮೇಲು.

ಬಿಲ್ಲು ಕೇಳಿದಾಗ ವ್ಯಾಪಾರಿ ಕೊಟ್ಟರೆ ಅವನ ರಿಯಾಯಿತಿ ನಿಜವಾದದ್ದು, ಧಾರಾಳವಾಗಿ ಕೊಳ್ಳಬಹುದು. ‘ಬಿಲ್ಲು ಬೇಕಾದರೆ ಏಳೆಂಟು ಸಾವಿರ ಹೆಚ್ಚಾಗುತ್ತದೆ’ ಎಂದರೆ, ಬೆಲೆಯ ಅಂತರ ಎಲ್ಲಿಂದ ಬಂತೆಂಬುದನ್ನು ಅವನೇ ಹೇಳಿದಂತಾಯಿತು. ನನ್ನ ಭಾವಮೈದುನರಿಗೆ ಅವನು ಹೇಳಿದ್ದು ಇದನ್ನೇ ಎಂದು ನನಗೆ ತಿಳಿದದ್ದು ಬಹಳ ತಡವಾಗಿ.