ಗುವಾಂಗ್‌ಜೌನಲ್ಲಿ ಕೂತ ಫೋನು ಮುಂಬೈಯಲ್ಲಿದೆ

ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿರುವ ಓದುಗರೊಬ್ಬರು ಕೇಳಿದ್ದಾರೆ: ‘ಸಾರ್, ಐದು ದಿನ ಚೀನಾದ ಗುವಾಂಗ್‌ಜೌನಲ್ಲಿ ನಡೆಯುವ ಕ್ಯಾಂಟನ್ ಫೇರ್‌ಗೆ ಹೋಗಿದ್ದೆ. ಹೋಟೆಲ್ ವೈಫೈನಲ್ಲಿ ವಾಟ್ಸಾಪ್ ಅಲ್ಲಾಡಲೇ ಇಲ್ಲ. ಜೊತೆಗಿದ್ದ ಭಾವಮೈದ ಅಲ್ಲಿಯದೇ ಸಿಮ್ ಕೊಂಡ, ಅದರಲ್ಲೂ ಇಲ್ಲ. ನನ್ನ ಇಂಡಿಯಾ ಸಿಮ್ಮಿನ ರೋಮಿಂಗ್ ಆನ್ ಮಾಡಿದ್ದೇ ತಡ, ದಬದಬ ಮೆಸೇಜು ಬಂದವು. ನನ್ನ ಫೋನಿಗೆ ಯಾರಾದ್ರೂ ವಿಪಿಎನ್ ಹಾಕಿದಾರಾ?’

ಯಾರೂ ಹಾಕಿಲ್ಲ. ರೋಮಿಂಗ್ ಕೆಲಸ ಮಾಡುವುದೇ ಹಾಗೆ. ಈ ಪ್ರಶ್ನೆ ಓದಿ ನನಗೆ ಎಷ್ಟು ಖುಷಿಯಾಯಿತೆಂದರೆ, ಉಳಿದ ಪತ್ರಗಳನ್ನು ಪಕ್ಕಕ್ಕಿಟ್ಟೆ.

ಸಿಮ್ಮಿನೊಳಗೆ ನಿಮ್ಮ ಮೊಬೈಲ್ ನಂಬರಲ್ಲದೆ ಇನ್ನೊಂದು ಗುಟ್ಟಿನ ಸಂಖ್ಯೆ ಇರುತ್ತದೆ. ಭಾರತದ ಸಿಮ್ಮಾದರೆ ಅದು 404 ಅಥವಾ 405ರಿಂದ ಶುರು, ಚೀನಾದ್ದು 460. ಗುವಾಂಗ್‌ಜೌನ ಟವರು ಈ ಮೊದಲ ಮೂರಂಕಿ ನೋಡಿದೊಡನೆ ‘ಇವರು ನಮ್ಮವರಲ್ಲ’ ಎಂದು ತಿಳಿದು ನಿಮ್ಮ ಕಂಪನಿಯನ್ನು ವಿಚಾರಿಸುತ್ತದೆ. ‘ನಮ್ಮ ಗಿರಾಕಿಯೇ’ ಎಂಬ ಉತ್ತರ ಬಂದ ಮೇಲೆ ಒಳಗೆ ಬಿಟ್ಟುಕೊಳ್ಳುತ್ತದೆ. ಇಷ್ಟು ಅನೇಕರಿಗೆ ಗೊತ್ತು. ಮಜಾ ಇರುವುದು ಮುಂದಿನದರಲ್ಲಿ. ಟವರು ನಿಮ್ಮ ಡೇಟಾವನ್ನು ಚೀನಾದ ಇಂಟರ್ನೆಟ್ಟಿಗೆ ಬಿಡುವುದೇ ಇಲ್ಲ. ರೈಲಿನಲ್ಲಿ ಹೋಗುವ ಮೊಹರು ಮಾಡಿದ ಅಂಚೆ ಚೀಲದಂತೆ ಅದನ್ನು ಕಟ್ಟಿ, ಭಾರತದಲ್ಲಿರುವ ನಿಮ್ಮ ಕಂಪನಿಯ ದ್ವಾರಕ್ಕೆ ಕಳಿಸುತ್ತದೆ. ಆ ದ್ವಾರ ಮುಂಬೈಯಲ್ಲಿದೆ ಎಂದಿಟ್ಟುಕೊಳ್ಳಿ. ಚೀಲ ಬಿಚ್ಚುವುದು ಅಲ್ಲಿ. ವಾಟ್ಸಾಪನ್ನು ತಡೆಯುವ ಚೀನಾದ ಜರಡಿಗೆ ಚೀಲ ಕಾಣುತ್ತದೆ, ಒಳಗಿನ ಕಾಗದ ಕಾಣುವುದಿಲ್ಲ. ಭಾವಮೈದನ 460ರ ಚೀಲ ಬಿಚ್ಚಿದ್ದು ಚೀನಾದಲ್ಲೇ. ಹೋಟೆಲಿನ ವೈಫೈ ಕಥೆಯೂ ಅದೇ.

ಪರೀಕ್ಷಿಸುವುದು ಸುಲಭ. ಬ್ರೌಸರಿನಲ್ಲಿ what is my ip ಎಂದು ಹುಡುಕಿ. ಮ್ಯಾಪಿನ ನೀಲಿ ಚುಕ್ಕೆ ಗುವಾಂಗ್‌ಜೌನಲ್ಲಿದ್ದರೂ ಐಪಿ ವಿಳಾಸ ಭಾರತದ್ದೆನ್ನುತ್ತದೆ. ಚುಕ್ಕೆಗೆ ಜಾಗ ಹೇಳುವುದು ಮುಖ್ಯವಾಗಿ ಉಪಗ್ರಹ. ವಿಳಾಸ ಕೊಡುವುದು ಚೀಲ ಬಿಚ್ಚಿದ ಊರು. ನಾನು ವಿದೇಶದಲ್ಲಿ ಇಳಿದ ಕೂಡಲೇ ಮಾಡುವ ಮೊದಲ ಕೆಲಸ ಇದು, ಮನೆಯವರು ನಗುತ್ತಾರೆ.

ಈ ಸುತ್ತಾಟಕ್ಕೆ ಬೆಲೆಯೂ ಇದೆ. ಗುವಾಂಗ್‌ಜೌನಿಂದ ಮುಂಬೈ ನೇರ ಅಳತೆಯಲ್ಲೇ ಸುಮಾರು 4,200 ಕಿ.ಮೀ. ಗಾಜಿನ ನಾರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಎದುರಿನ ಮಳಿಗೆಯ ವ್ಯಾಪಾರಿಗೆ ನೀವು ವೀಚಾಟ್‌ನಲ್ಲಿ ‘ದರ ಎಷ್ಟು?’ ಎಂದು ಕೇಳಿದರೆ ಆ ಮಾತು ಮುಂಬೈಗೆ ಹೋಗಿ, ಚೀನಾದ ಸರ್ವರಿಗೆ ಮರಳಿ, ಉತ್ತರವೂ ಅದೇ ದಾರಿ ಹಿಡಿದು ಬರಬೇಕು. ಒಟ್ಟು 16,800 ಕಿ.ಮೀ., 84 ಮಿಲಿಸೆಕೆಂಡು. ಕೇಬಲ್ಲುಗಳು ನೇರವಾಗಿರುವುದಿಲ್ಲ, ದಾರಿಯಲ್ಲಿ ಕಾಯುವಿಕೆಯೂ ಇದೆ. ನಿಜದಲ್ಲಿ ಇನ್ನೂ ಹೆಚ್ಚು. ಮೆಸೇಜಿಗೆ ಇದು ಲೆಕ್ಕಕ್ಕಿಲ್ಲ. ವಿಡಿಯೊ ಕಾಲ್‌ನಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಿ, ಒಟ್ಟಿಗೆ ಸುಮ್ಮನಾಗುತ್ತೀರಲ್ಲ, ಅದಕ್ಕೆ ಇದೂ ಒಂದು ಕಾರಣ. ಜೊತೆಗೆ ಅಲ್ಲಿನ ಕಂಪನಿಗೆ ನಿಮ್ಮ ಕಂಪನಿ ಸಗಟು ದರ ಕಟ್ಟಬೇಕು. ಪ್ಯಾಕ್ ದುಬಾರಿಯಾಗುವುದರಲ್ಲಿ ಆಶ್ಚರ್ಯವಿಲ್ಲ.

ಟ್ರಾವೆಲ್ ಸಿಮ್ ಮೂರನೆಯ ಜಾತಿ. ಅದೂ ರೋಮಿಂಗೇ, ಆದರೆ ಚೀಲ ಬಿಚ್ಚುವುದು ಮೂರನೆಯ ಊರಲ್ಲಿ. ಚೀನಾಕ್ಕೆ ಮಾರುವ ಎಷ್ಟೋ ಇ-ಸಿಮ್‌ಗಳು ಹಾಂಗ್‌ಕಾಂಗ್‌ನಲ್ಲಿ ಬಿಚ್ಚುತ್ತವೆ. ಅದು ಗುವಾಂಗ್‌ಜೌಗೆ ಮಗ್ಗುಲಲ್ಲೇ ಇದೆ, ಜರಡಿಯ ಹೊರಗೂ ಇದೆ. ಹಾಗಾಗಿ ಕೊಳ್ಳುವಾಗ ‘ಎಷ್ಟು ಜಿಬಿ?’ ಎಂಬುದಕ್ಕಿಂತ ಮೊದಲು ‘ಡೇಟಾ ಎಲ್ಲಿಂದ ಹೊರಬೀಳುತ್ತೆ?’ ಎಂದು ಕೇಳಿ. ಚೀನಾದೊಳಗೇ ಬಿಚ್ಚುವುದಾದರೆ ಭಾವಮೈದನ ಗತಿಯೇ ನಿಮಗೂ. ಇಂಥ ಸಿಮ್‌ಗಳಲ್ಲಿ ಹೆಚ್ಚಿನವಕ್ಕೆ ಕರೆ ಮಾಡುವ ನಂಬರೇ ಇರುವುದಿಲ್ಲ ಎಂಬುದೂ ನೆನಪಿರಲಿ.

‘ಡೇಟಾ ರೋಮಿಂಗ್ ಮುಟ್ಟಿದರೆ ಮನೆ ಮಾರಬೇಕು’ ಎಂಬ ಭಯ ನಮ್ಮಲ್ಲಿ ದೆವ್ವದ ಭಯದಷ್ಟೇ ಗಟ್ಟಿ. ಟ್ರಾವೆಲ್ ಸಿಮ್ ಹಾಕಿಕೊಂಡು, ಆ ಭಯಕ್ಕೆ ರೋಮಿಂಗ್ ಆಫ್ ಮಾಡಿ, ‘ಮೋಸ ಹೋದೆ’ ಎಂದು ಅಂಗಡಿಯವನನ್ನು ಬೈದವರನ್ನು ಕಂಡಿದ್ದೇನೆ. ಸ್ವಾಮಿ, ಆ ಸಿಮ್ಮಿಗೆ ರೋಮಿಂಗ್ ಆನ್ ಇರಲೇಬೇಕು. ಆಫ್ ಇರಬೇಕಾದ್ದು ಇಂಡಿಯಾ ಸಿಮ್ಮಿನದು. ಐಫೋನಾದರೆ Allow Cellular Data Switching ಎಂಬುದನ್ನೂ ಆಫ್ ಮಾಡಿ, ಇಲ್ಲದಿದ್ದರೆ ಡೇಟಾ ಸದ್ದಿಲ್ಲದೆ ಪಕ್ಕದ ಸಿಮ್ಮಿಗೆ ಜಿಗಿಯಬಹುದು.

ಇನ್ನು ನನ್ನದೇ ದಡ್ಡತನ. ಒಮ್ಮೆ ವಿದೇಶದಲ್ಲಿ ಲೋಕಲ್ ಸಿಮ್ ಹಾಕಲು ಇಂಡಿಯಾ ಸಿಮ್ ತೆಗೆದು ಕನ್ನಡಕದ ಡಬ್ಬಿಯಲ್ಲಿಟ್ಟೆ. ಹೋಟೆಲ್ ಕೌಂಟರಿನಲ್ಲಿ ಕಾರ್ಡು ಒಟಿಪಿ ಕೇಳಿತು. ಒಟಿಪಿ ಹೋಗಿದ್ದು ಡಬ್ಬಿಯಲ್ಲಿದ್ದ ಸಿಮ್ಮಿಗೆ. ಡೇಟಾ ಆಫ್ ಇದ್ದರೂ ಸಿಮ್ ಫೋನಿನೊಳಗಿದ್ದು, ಹೊರಡುವ ಮೊದಲೇ ಅಂತರರಾಷ್ಟ್ರೀಯ ರೋಮಿಂಗ್ ಸೇವೆ ಚಾಲೂ ಮಾಡಿಸಿದ್ದರೆ ಎಸ್ಸೆಮ್ಮೆಸ್ ಬರುತ್ತಿತ್ತು. ಪ್ಯಾಕ್ ಇಲ್ಲದೆ ಕರೆ ಎತ್ತಿದರೆ ಮಾತ್ರ ದುಡ್ಡು ಹೋಗುತ್ತದೆ.

ನಮ್ಮ ಅಂಗಡಿಯವರು ಅಕ್ಟೋಬರಿನ ಮೇಳಕ್ಕೆ ಮತ್ತೆ ಹೊರಟಿದ್ದಾರೆ. ಈ ಸಲ ಅವರ ಇಂಡಿಯಾ ಸಿಮ್ ಒಟಿಪಿಗೆ, ಹಾಂಗ್‌ಕಾಂಗ್‌ನಲ್ಲಿ ಬಿಚ್ಚುವ ಇ-ಸಿಮ್ ಡೇಟಾಕ್ಕೆ. ಭಾವಮೈದನ ಫೋನಿಗೆ ಇ-ಸಿಮ್ ಸೌಲಭ್ಯ ಇಲ್ಲವಂತೆ. ಅವನು ಭಾವನ ಹಾಟ್‌ಸ್ಪಾಟ್ ನಂಬಿಕೊಂಡಿದ್ದಾನೆ.